ಬಾಡಿಗೆ ಕರಾರು ತುಂಬುವ ವಿಧಾನ: ಕೃಷ್ಣಮೂರ್ತಿಪುರಂ ಬಳಕೆದಾರರ ಕೈಪಿಡಿ

ಈ ಕೈಪಿಡಿ ಯಾರಿಗಾಗಿ

ಮನೆ ಬಾಡಿಗೆಗೆ ಕೊಡುವವರಿಗೆ, ಹಿಡಿಯುವವರಿಗೆ, ಮತ್ತು ಈ ಎರಡೂ ಅಲ್ಲದಿದ್ದರೂ ‘ನಿಮಗೆ ಕಂಪ್ಯೂಟರ್ ಬರುತ್ತಲ್ಲಾ, ಒಂಚೂರು ಬನ್ನಿ’ ಎಂದು ಕರೆಸಿಕೊಂಡು ಕುರ್ಚಿ ಮೇಲೆ ಕೂರಿಸಲ್ಪಟ್ಟ ಪಕ್ಕದ ಮನೆಯವರಿಗೆ. ಮೂರನೆಯವರೇ ಹೆಚ್ಚು ಗಮನವಿಟ್ಟು ಓದಬೇಕು. ತಪ್ಪಾದರೆ ಬೈಸಿಕೊಳ್ಳುವವರು ಅವರೇ.

ಕೈಪಿಡಿಯ ಉದ್ದಕ್ಕೂ ಒಂದೇ ಮಾದರಿ ಮನೆಯನ್ನು ಬಳಸಲಾಗಿದೆ. ಕೃಷ್ಣಮೂರ್ತಿಪುರದ ಒಂದು ಕ್ರಾಸು, ಕೆಳಗಡೆ ಓನರಮ್ಮ, ಮಹಡಿಯ ಮೇಲೆ ಖಾಲಿ ಮನೆ. ಎರಡು ರೂಮು, ಹಾಲು, ಅಡುಗೆಮನೆ, ಬಟ್ಟೆ ಒಣಗಿಸಲು ತಾರಸಿಯಲ್ಲಿ ಅರ್ಧ ಹಕ್ಕು. ಬಾಡಿಗೆ ತಿಂಗಳಿಗೆ 14,000 ರೂಪಾಯಿ, ಮುಂಗಡ ಒಂದು ಲಕ್ಷ. ಯಜಮಾನರು ತೀರಿಕೊಂಡು ಕೆಲವು ವರ್ಷವಾಗಿದೆ, ಮಗ ಅಮೆರಿಕದಲ್ಲಿದ್ದಾನೆ. ಬಾಡಿಗೆಗೆ ಬರುತ್ತಿರುವವರು ಗಂಡ, ಹೆಂಡತಿ, ಈ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರುವ ಮಗು. ಗಂಡನಿಗೆ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಕರಾರು 2024ರ ಜೂನ್ 1ರಿಂದ. ಆಷಾಢಕ್ಕೆ ಮುಂಚೆ ಹಾಲುಕ್ಕಿಸಿಬಿಡಬೇಕೆಂಬುದು ಎರಡೂ ಮನೆಯವರು ಚರ್ಚೆಯಿಲ್ಲದೆ ಒಪ್ಪಿದ ಏಕೈಕ ಷರತ್ತು. ಓನರಮ್ಮನೂ ಬಾಡಿಗೆದಾರರೂ ಕಾಲ್ಪನಿಕ. ಅವರಿಗೆ ಆಗುವುದೆಲ್ಲ ಮಾತ್ರ ನಡೆಯುವಂಥದ್ದೇ.

ಬೇಕಾಗುವ ಸಾಮಗ್ರಿ

ಎರಡೂ ಕಡೆಯವರ ಆಧಾರ್, ಓನರಮ್ಮನ ಪ್ಯಾನ್ ಕಾರ್ಡು, ಮನೆಯ ಕಂದಾಯ ರಸೀದಿ, ಮಹಡಿ ಮನೆಯ ಕರೆಂಟ್ ಬಿಲ್ಲು, ಇಬ್ಬರು ಸಾಕ್ಷಿಗಳು, ಒಂದು ಓದುವ ಕನ್ನಡಕ, ಮತ್ತು ಆಧಾರ್‌ಗೆ ಜೋಡಿಸಿರುವ ಮೊಬೈಲು. ಕೊನೆಯದನ್ನು ಮೊದಲೇ ಖಾತ್ರಿ ಮಾಡಿಕೊಳ್ಳಿ. ಓನರಮ್ಮನ ಕೈಯಲ್ಲಿರುವ ಮೊಬೈಲೇ ಬೇರೆ, ಆಧಾರ್‌ಗೆ ಜೋಡಿಸಿರುವ ನಂಬರೇ ಬೇರೆ ಇರುವುದು ಸಾಮಾನ್ಯ. ಮಗ ಊರಲ್ಲಿದ್ದಾಗ ತನ್ನ ನಂಬರು ಕೊಟ್ಟು ಜೋಡಿಸಿರುತ್ತಾನೆ. ಆ ನಂಬರು ಅವನ ಜೊತೆ ವಿಮಾನ ಹತ್ತಿ ಹೋಗಿ, ರೀಚಾರ್ಜ್ ಇಲ್ಲದೆ ಸತ್ತು, ಈಗ ಇನ್ಯಾರದೋ ಜೇಬಿನಲ್ಲಿ ಹೊಸ ಜನ್ಮವೆತ್ತಿರುತ್ತದೆ. ಅಂಥ ಸಂದರ್ಭದಲ್ಲಿ ಆಧಾರ್ ಓಟಿಪಿ ಮೂಲಕ ಸಹಿ ಹಾಕುವ ದಾರಿ ಮುಚ್ಚಿದಂತೆ. ಗಾಬರಿ ಬೇಡ. ಸ್ಟಾಂಪನ್ನು ಆನ್‌ಲೈನಿನಲ್ಲಿ ಪಡೆದು, ಕರಾರನ್ನು ಕಾಗದಕ್ಕೆ ಇಳಿಸಿ, ಪೆನ್ನಿನಿಂದ ಸಹಿ ಹಾಕಿಸಿದರೆ ಕರಾರಿಗೆ ಏನೂ ಊನವಿಲ್ಲ.

ಆಧಾರ್ ಪ್ರತಿ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಸುಕಿನ ಪ್ರತಿಯನ್ನು ಆಧಾರ್ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ಕರಾರು ಹಲವರ ಕೈ ಸೇರುವ ಕಾಗದ. ಶಾಲೆಗೆ, ಗ್ಯಾಸ್ ಏಜೆನ್ಸಿಗೆ, ಬ್ಯಾಂಕಿಗೆ, ಕೊನೆಗೆ ಜೆರಾಕ್ಸ್ ಅಂಗಡಿಯ ಕಸದ ಬುಟ್ಟಿಗೆ.

ಹಂತ 1: ಯಾವ ಕಾಗದ ಎಂದು ಆರಿಸುವುದು

ಜಾಲತಾಣ ತೆರೆದೊಡನೆ ಅದು ಕೇಳುವ ಮೊದಲ ಪ್ರಶ್ನೆ ಸರಳವಾಗಿ ಕಾಣುತ್ತದೆ. `Rental Agreement`, `Lease Agreement`, `Leave and License`, ಇವುಗಳಲ್ಲಿ ಯಾವುದು? ಮೂರನೆಯದು ಮುಂಬಯಿ, ಪುಣೆ ಕಡೆಯ ರೂಢಿ. ಅದರಲ್ಲಿ ಇರುವವನಿಗೆ ಮನೆಯಲ್ಲಿರಲು ಅನುಮತಿ ಮಾತ್ರ ಸಿಗುತ್ತದೆ, ಬಾಡಿಗೆದಾರನ ಹಕ್ಕಲ್ಲ. ಹೆಸರಿನಲ್ಲಿ ಲೈಸೆನ್ಸ್ ಇದೆ, ಸರ್ಕಾರಿ ಗತ್ತು ಇದೆ ಎಂದು ಒತ್ತಬೇಡಿ. ಮೊದಲನೆಯದನ್ನೇ ಒತ್ತಿ.

ಎರಡನೆಯದನ್ನು ನೋಡಿ ಓನರಮ್ಮ ಬೆಚ್ಚಿಬೀಳುತ್ತಾರೆ. ‘ಲೀಸಿಗಲ್ಲ ಕಣಪ್ಪ ನಾನು ಕೊಡ್ತಿರೋದು, ಬಾಡಿಗೆಗೆ.’ ಮೈಸೂರಿನಲ್ಲಿ ಲೀಸು ಎಂದರೆ ಭೋಗ್ಯ. ಏಳೆಂಟು ಲಕ್ಷ ಒಟ್ಟಿಗೆ ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ಇರುವುದು. ಓನರಮ್ಮನ ಮಾತು ಸರಿ. ಆದರೆ ಕಾನೂನಿನ ಕಣ್ಣಿಗೆ ತಿಂಗಳ ಬಾಡಿಗೆಯೂ ಲೀಸೇ. ಈ ಗೊಂದಲ ಇಲ್ಲಿ ಏನೂ ಮಾಡುವುದಿಲ್ಲ, ಹಂತ 4ರಲ್ಲಿ ಬಂದು ಕಚ್ಚುತ್ತದೆ. ಜ್ಞಾಪಕವಿರಲಿ.

ಹಂತ 2: ಮೊದಲ ಪಾರ್ಟಿ

ಕೆಂಪು ನಕ್ಷತ್ರದ ಗುರುತಿರುವ ಮೂರು ಖಾನೆಗಳಿವೆ: `First Name`, `Middle Name`, `Last Name`. ಈ ಅರ್ಜಿಯನ್ನು ರೂಪಿಸಿದವರು ಹಳೇ ಮೈಸೂರಿನವರಲ್ಲ ಎನ್ನಲು ಬೇರೆ ಪುರಾವೆ ಬೇಡ. ಇಲ್ಲಿನವರಿಗೆ ಕೊನೆಯ ಹೆಸರು ಎಂಬುದಿಲ್ಲ, ಇರುವುದು ಮೊದಲ ಅಕ್ಷರಗಳು. ಒಂದು ಊರಿನದು, ಇನ್ನೊಂದು ತಂದೆಯದೋ ಗಂಡನದೋ. `Last Name` ಖಾಲಿ ಬಿಟ್ಟರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಚುಕ್ಕಿ ಇಟ್ಟು ನೋಡಿದರೆ ‘ಅಕ್ಷರ ಮಾತ್ರ ಬಳಸಿ’ ಎನ್ನುತ್ತದೆ. ಎಷ್ಟೋ ಜನ ಇಲ್ಲಿ ಹೆಸರನ್ನೇ ಎರಡು ಸಲ ಬರೆದು ಪಾರಾಗುತ್ತಾರೆ. ಆಮೇಲೆ ಸ್ಟಾಂಪಿನ ಮೇಲೆ ಓನರಮ್ಮ ಜೋಡಿ ಹೆಸರಿನ ದೇವತೆಯಂತೆ ಮುದ್ರಿತರಾಗುತ್ತಾರೆ.

ಸರಿಯಾದ ವಿಧಾನ ಹೀಗೆ. ಆಧಾರ್ ಮುಂದಿಟ್ಟುಕೊಳ್ಳಿ. ಅದರಲ್ಲಿ ಹೆಸರಿನ ಹಿಂದೆ ಎಂ. ಎಸ್. ಇದ್ದರೆ ಹಿಂದೆ, ಮುಂದೆ ಇದ್ದರೆ ಮುಂದೆ, ಬಿಡಿಸಿ ಬರೆದಿದ್ದರೆ ಬಿಡಿಸಿ, ಅಲ್ಲಿದ್ದಂತೆಯೇ ಇಳಿಸಿ. ಅಕ್ಷರಗಳು ಹೆಸರಿನ ಕೊನೆಗಿದ್ದರೆ ಕೊನೆಯ ಖಾನೆಗೆ `M S` ಹಾಕಿದರೆ ಸಾಕು. ಪ್ಯಾನ್ ಕಾರ್ಡಿನಲ್ಲಿ ಬೇರೆ ಥರ ಇರುತ್ತದೆ, ಕಂದಾಯ ರಸೀದಿಯಲ್ಲಿ ಮೂರನೇ ಥರ. ಎಲ್ಲವನ್ನೂ ಹೊಂದಿಸಲು ಹೋಗಬೇಡಿ. ಸ್ಟಾಂಪು, ಕರಾರು, ಆಧಾರ್, ಈ ಮೂರರಲ್ಲಿ ಒಂದೇ ಅಕ್ಷರಕ್ರಮ ಇರಲಿ. ಉಳಿದ ರೂಪ ಬೇಕಾದರೆ ಕರಾರಿನೊಳಗೆ ‘ಎಂದೂ ಕರೆಯಲ್ಪಡುವ’ ಎಂದು ಒಂದು ಸಾಲು ಸೇರಿಸಬಹುದು.

ಹೆಸರಿನದು ಸಣ್ಣ ತೊಂದರೆ. ಯಾರ ಹೆಸರು ಎಂಬುದು ದೊಡ್ಡದು.

ಅರ್ಜಿ ಕೇಳುವುದು `Owner Name (as per tax receipt)`. ಓನರಮ್ಮ ರಸೀದಿಯನ್ನು ಬೀರುವಿನಿಂದ ತಂದು ಕೊಡುತ್ತಾರೆ. ಅದರಲ್ಲಿರುವುದು ಯಜಮಾನರ ಹೆಸರು. ಖಾತೆ ಬದಲಾಯಿಸಬೇಕು ಎಂದು ಪ್ರತಿ ವರ್ಷ ಕಂದಾಯ ಕಟ್ಟುವಾಗ ನೆನಪಾಗುತ್ತದೆ, ಕಟ್ಟಿದ ಮೇಲೆ ಮರೆತುಹೋಗುತ್ತದೆ. ಪಕ್ಕದ ಮನೆಯ ಕಂಪ್ಯೂಟರ್ ಪ್ರವೀಣರು ರಸೀದಿಯಲ್ಲಿದ್ದದ್ದನ್ನು ನಿಷ್ಠೆಯಿಂದ ಟೈಪ್ ಮಾಡಿ ಮುಂದೆ ಹೋದರೆ, ತೀರಿಕೊಂಡ ಮನುಷ್ಯ 2024ರ ಮೇ ತಿಂಗಳಲ್ಲಿ ಸ್ಟಾಂಪ್ ಖರೀದಿಸಿ ಮಹಡಿ ಮನೆ ಬಾಡಿಗೆಗೆ ಕೊಟ್ಟಂತಾಗುತ್ತದೆ. ಬೇರೆ ಏನೇ ತಪ್ಪಾದರೂ ತಿದ್ದಿಕೊಳ್ಳಬಹುದು. ಪಾರ್ಟಿಯೇ ಇಲ್ಲದ ಕರಾರನ್ನು ತಿದ್ದುವುದು ಹೇಗೆ? ಅದಕ್ಕೆ ಸಹಿ ಹಾಕುವವರು ಯಾರು?

ಬಾಡಿಗೆಗೆ ಕೊಡಲು ಖಾತೆ ನಿಮ್ಮ ಹೆಸರಿನಲ್ಲೇ ಇರಬೇಕೆಂದಿಲ್ಲ. ಮನೆಯನ್ನು ಯಾರ ಕೈಯಿಂದ ಹಿಡಿದನೋ ಅವರ ಹಕ್ಕನ್ನು, ಬಾಡಿಗೆ ನಡೆಯುತ್ತಿರುವವರೆಗೆ, ಬಾಡಿಗೆದಾರ ಅಲ್ಲಗಳೆಯುವಂತಿಲ್ಲ. ಇದು ಸಾಕ್ಷ್ಯ ಕಾಯ್ದೆಯಲ್ಲಿ ಮೊದಲಿನಿಂದ ಇದ್ದ ನಿಯಮ. ಕಾಯ್ದೆ ಹೊಸದಾಗಿ ಬಂದ ಮೇಲೂ ಉಳಿದಿದೆ. ಆದ್ದರಿಂದ ಮೊದಲ ಪಾರ್ಟಿಯ ಖಾನೆಯಲ್ಲಿ ಓನರಮ್ಮನ ಹೆಸರು ಬರಲಿ, ಅದರ ಪಕ್ಕದಲ್ಲಿ ‘ದಿವಂಗತರಾದ ಇಂಥವರ ಪತ್ನಿ’ ಎಂದಿರಲಿ. ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನು ಕರಾರಿನ ಪೀಠಿಕೆಯಲ್ಲಿ ಒಂದು ವಾಕ್ಯದಲ್ಲಿ ನೇರವಾಗಿ ಬರೆಯಿರಿ. ಮಗನೂ ವಾರಸುದಾರ, ಅವನ ಒಪ್ಪಿಗೆಯ ಒಂದು ಪತ್ರ ಕಡತದಲ್ಲಿದ್ದರೆ ಬಾಡಿಗೆದಾರನಿಗೂ ನೆಮ್ಮದಿ. ಮನೆಯೇ ಮಗನ ಹೆಸರಿನಲ್ಲಿದ್ದರೆ ಕಥೆ ಬೇರೆ. ಆಗ ಮೊದಲ ಪಾರ್ಟಿ ಮಗ, ಅವನ ಪರವಾಗಿ ತಾಯಿ, ಮತ್ತು ಅದಕ್ಕೊಂದು ಅಧಿಕಾರ ಪತ್ರ ಬೇಕು. ವಾಟ್ಸಾಪ್ ವಿಡಿಯೋ ಕರೆಯಲ್ಲಿ ‘ಹೂಂ ಅಮ್ಮ, ಕೊಡು’ ಎಂದದ್ದು ಅಧಿಕಾರ ಪತ್ರವಲ್ಲ.

ಪ್ಯಾನ್ ಖಾನೆಗೆ ಬಂದಾಗ ಅಡುಗೆಮನೆಯಲ್ಲಿ ಇದ್ದಕ್ಕಿದ್ದಂತೆ ಹಾಲು ಉಕ್ಕುವ ಸಂಭವವಿದೆ. ಓನರಮ್ಮ ಎದ್ದು ಹೋಗುತ್ತಾರೆ. ಕಾಯಿರಿ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ, ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಕೇಳುವ ನೌಕರ ಮಾಲೀಕರ ಪ್ಯಾನ್ ನಂಬರನ್ನು ತನ್ನ ಕಂಪನಿಗೆ ಕೊಡಲೇಬೇಕು. 14,000ಕ್ಕೆ ವರ್ಷಕ್ಕೆ 1,68,000 ಆಯಿತು. ಆದ್ದರಿಂದ ಬಾಡಿಗೆದಾರ ಇವತ್ತಲ್ಲದಿದ್ದರೂ ಜನವರಿಯಲ್ಲಿ ಮೆಟ್ಟಿಲಿಳಿದು ಬಂದು ಕೇಳಿಯೇ ಕೇಳುತ್ತಾನೆ. ಓನರಮ್ಮನಿಗೆ ಹೇಳಬೇಕಾದದ್ದು ಇಷ್ಟೇ: ಬಾಡಿಗೆಯಷ್ಟಕ್ಕೂ ತೆರಿಗೆಯಿಲ್ಲ. ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ ಮತ್ತೆ ಶೇಕಡಾ 30 ಕಳೆದ ಮೇಲೆ ಉಳಿಯುವುದೇ ಆದಾಯ. ಇದನ್ನು ಪ್ಯಾನ್ ಖಾನೆ ಬರುವ ಮೊದಲೇ, ಕಾಫಿಯ ಹೊತ್ತಿನಲ್ಲಿ ಹೇಳಿ ಮುಗಿಸಿದವರು ಜಾಣರು.

ಹಂತ 3: ವಿಳಾಸ

ಕೃಷ್ಣಮೂರ್ತಿಪುರಂಗೆ ಹೆಸರು ಬಂದದ್ದು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದ ಪಿ. ಎನ್. ಕೃಷ್ಣಮೂರ್ತಿಯವರಿಂದ. ಅವರ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದು ಎಂಬುದನ್ನು ದಿವಾನರು ಯೋಚಿಸಿರಲಾರರು. ಆಧಾರ್‌ನಲ್ಲಿ `Krishnamurthypuram`, ಕರೆಂಟ್ ಬಿಲ್ಲಿನಲ್ಲಿ `K M PURAM`, ಬ್ಯಾಂಕಿನಲ್ಲಿ `Krishna Murthy Puram`, ಗ್ಯಾಸ್ ಪುಸ್ತಕದಲ್ಲಿ ಖಾನೆ ಸಾಲದೆ `KRISHNAMURTHYPU`. ಇದರ ಮೇಲೆ ಊರಿನ ಹೆಸರು ಬೇರೆ: 2014ರ ನವೆಂಬರ್ 1ರಿಂದ ಸರ್ಕಾರಿ ಕಾಗದದಲ್ಲಿ `Mysuru`, ಅದಕ್ಕೆ ಮೊದಲಿನದ್ದರಲ್ಲಿ `Mysore`. ಇವೆಲ್ಲ ಯಾರನ್ನೂ ಕಾಡುವುದಿಲ್ಲ, ಯಾವುದಾದರೊಂದನ್ನು ಹಿಡಿದು ಕೊನೆತನಕ ಅದನ್ನೇ ಬರೆಯಿರಿ. ಪಿನ್ ಕೋಡು 570004 ಒಂದೇ ಎಲ್ಲರೂ ಒಪ್ಪುವ ಸಂಗತಿ.

ಕಾಡುವುದು ಮನೆ ನಂಬರು. ಗೇಟಿನ ಕಂಬದ ಮೇಲೆ ಹೊಸ ನಂಬರು, ರಸೀದಿಯಲ್ಲಿ ಹಳೇ ನಂಬರು. ಈ ಭಾಗದ ಎಷ್ಟೋ ಮನೆಗಳ ಹಳೇ ನಂಬರು `CH` ಎಂಬ ಎರಡಕ್ಷರದಿಂದ ಶುರುವಾಗುತ್ತದೆ. ಎರಡನ್ನೂ ಬರೆಯಬೇಕು, ಮತ್ತು ಬರೆದರೆ ಸಾಲದು. ಕೆಳಗಿನ ಮನೆಗೂ ಮಹಡಿ ಮನೆಗೂ ಹಿತ್ತಲಿನ ಔಟ್‌ಹೌಸಿಗೂ ನಂಬರು ಒಂದೇ. ನಾಳೆ ತಕರಾರು ಬಂದರೆ ಬಾಡಿಗೆಗೆ ಕೊಟ್ಟದ್ದು ಮನೆಯ ಯಾವ ಭಾಗ ಎಂದು ಹೇಳುವವರು ಯಾರು? ಇದಕ್ಕೆ ಮದ್ದು ಕರೆಂಟ್ ಬಿಲ್ಲಿನ ಮೇಲೆ ಇರುವ ಆರ್.ಆರ್. ನಂಬರು. ಮಹಡಿ ಮನೆಗೆ ಪ್ರತ್ಯೇಕ ಮೀಟರು ಇದ್ದರೆ ಅದರ ಆರ್.ಆರ್. ನಂಬರನ್ನು ಷೆಡ್ಯೂಲಿನಲ್ಲಿ ಬರೆಯಿರಿ. ಜೊತೆಗೆ ‘ಮೊದಲನೇ ಮಹಡಿ, ಹೊರಗಿನ ಮೆಟ್ಟಿಲಿನಿಂದ ಪ್ರವೇಶ’ ಎಂದು ಸೇರಿಸಿ. ಬಾಡಿಗೆದಾರ ಬಂದ ದಿನ ಮೀಟರಿನಲ್ಲಿ ಎಷ್ಟು ಯೂನಿಟ್ ಇತ್ತೆಂದು ಬರೆದುಕೊಂಡರೆ ಒಂದು ಜಗಳ ಹುಟ್ಟುವ ಮೊದಲೇ ಕಡಿಮೆಯಾಯಿತು. ತಾರಸಿಯ ಅರ್ಧ ಹಕ್ಕು, ಸ್ಕೂಟರ್ ನಿಲ್ಲಿಸುವ ಜಾಗ, ಸಂಪಿನ ನೀರು, ಇವುಗಳಿಗೆ ಅರ್ಜಿಯಲ್ಲಿ ಖಾನೆಯಿಲ್ಲ. `Other Terms` ಎಂಬ ಖಾಲಿ ಪೆಟ್ಟಿಗೆಯೇ ಗತಿ. ಹಿತ್ತಲಿನ ತೆಂಗಿನಮರದ ಕಾಯಿ ಯಾರಿಗೆ ಎಂಬುದನ್ನೂ ಅಲ್ಲಿಯೇ ಬರೆಯಬಹುದು. ನಗಬೇಡಿ.

ಹಂತ 4: ಸ್ಟಾಂಪ್ ಎಷ್ಟು, ಯಾವುದಕ್ಕೆ

ಇಲ್ಲಿ ನಿಧಾನ. ಉಳಿದ ಹಂತಗಳಲ್ಲಿ ತಪ್ಪಿದರೆ ಅವಮಾನ, ಇಲ್ಲಿ ತಪ್ಪಿದರೆ ದುಡ್ಡು.

ಹಿಂದೆ ಸ್ಟಾಂಪು ಎಂದರೆ ಕೋರ್ಟಿನ ಮುಂದೆ ಮರದ ಕೆಳಗೆ ಕೊಳ್ಳುತ್ತಿದ್ದ ಛಾಪಾ ಕಾಗದ. ಖಾನಾಪುರದ ಅಬ್ದುಲ್ ಕರೀಮ್ ತೆಲಗಿ ಅದನ್ನು ಸರ್ಕಾರಕ್ಕಿಂತ ಚೆನ್ನಾಗಿ ಛಾಪಿಸಲು ಕಲಿತ. ಅವನ ಹಗರಣ ಬಯಲಾದ ಮೇಲೆ ಕಾಗದದ ಮೇಲೆ ನಂಬಿಕೆ ಹೋಯಿತು. 2009ರಲ್ಲಿ ಕರ್ನಾಟಕ ಇ-ಸ್ಟಾಂಪಿಂಗ್‌ಗೆಂದೇ ನಿಯಮಾವಳಿ ಮಾಡಿತು. ಅದರ ಪ್ರಕಾರ ದುಡ್ಡು ಕಟ್ಟಿದರೆ ಸ್ಟಾಕ್ ಹೋಲ್ಡಿಂಗ್ ಕಾರ್ಪೊರೇಷನ್ನಿನ ದಾಖಲೆಯಲ್ಲಿ ಒಂದು ನಂಬರು ಹುಟ್ಟುತ್ತದೆ. ಅದು `IN-KA` ಎಂದು ಶುರುವಾಗುತ್ತದೆ. ಕಾಗದ ಅದರ ನೆರಳು ಮಾತ್ರ, ಅಸಲು ಆ ನಂಬರು. ಬಾಡಿಗೆ ಕರಾರು ಮಾಡಿಕೊಡುವ ಜಾಲತಾಣಗಳು ಮಾಡುವುದೂ ಇದನ್ನೇ. ನಿಮ್ಮಿಂದ ವಿವರ ತುಂಬಿಸಿಕೊಂಡು, ಸ್ಟಾಂಪ್ ತೆಗೆಸಿ, ಅದರ ಕೆಳಗೆ ಕರಾರು ಛಾಪಿಸಿ, ತಮ್ಮ ಸೇವಾಶುಲ್ಕ ಸೇರಿಸುತ್ತವೆ.

ಅರ್ಜಿ `Stamp Duty Amount` ಎಂದು ಕೇಳಿ 100 ಎಂಬುದನ್ನು ತಾನೇ ತುಂಬಿರುತ್ತದೆ. ಇಡೀ ಊರು ನೂರು ರೂಪಾಯಿ ಸ್ಟಾಂಪಿನ ಮೇಲೇ ಬಾಡಿಗೆ ಕರಾರು ಮಾಡಿಕೊಂಡು ಬಂದಿದೆ. ಓನರಮ್ಮನ ಬೀರುವಿನಲ್ಲಿರುವ ಹಳೆಯ ಕರಾರುಗಳೂ ನೂರರವೇ. ‘ಜಾಸ್ತಿ ಯಾಕೆ?’ ಎಂಬ ಪ್ರಶ್ನೆಗೆ ಉತ್ತರ ಕರ್ನಾಟಕ ಸ್ಟಾಂಪ್ ಕಾಯ್ದೆಯ ಅನುಸೂಚಿಯ 30ನೇ ಬಾಬಿನಲ್ಲಿದೆ. ವಾಸದ ಮನೆ, ಅವಧಿ ಒಂದು ವರ್ಷ ಮೀರದಿದ್ದರೆ, ವರ್ಷದ ಸರಾಸರಿ ಬಾಡಿಗೆಗೆ ಮುಂಗಡವನ್ನೂ ಸೇರಿಸಿ ಬರುವ ಮೊತ್ತಕ್ಕೆ ಶೇಕಡಾ ಅರ್ಧ. ಗರಿಷ್ಠ ಮಿತಿ 500 ರೂಪಾಯಿ.

ನಮ್ಮ ಮಾದರಿ ಮನೆಗೆ ಲೆಕ್ಕ ಹಾಕಿ. 14,000ವನ್ನು 11 ತಿಂಗಳಿಗೆ ಗುಣಿಸಿದರೆ 1,54,000. ಮುಂಗಡ ಒಂದು ಲಕ್ಷ ಸೇರಿದರೆ 2,54,000. ಅದಕ್ಕೆ ಶೇಕಡಾ ಅರ್ಧವೆಂದರೆ 1,270. ಮಿತಿ ಇರುವುದರಿಂದ 500. ಗುಣಿಸಬೇಕಾದದ್ದು ಹನ್ನೊಂದರಿಂದಲೋ ಹನ್ನೆರಡರಿಂದಲೋ ಎಂದು ಪಕ್ಕದ ಮನೆಯವರು ವಾದಕ್ಕೆ ಬಂದರೆ ಬಿಟ್ಟುಬಿಡಿ, ಹೇಗೆ ಗುಣಿಸಿದರೂ 500ರಲ್ಲೇ ನಿಲ್ಲುತ್ತದೆ. ಬಾಡಿಗೆ, ಮುಂಗಡ ಸೇರಿ ಒಂದು ಲಕ್ಷ ದಾಟಿದ ಎಲ್ಲ ಮನೆಗಳಿಗೂ ಉತ್ತರ ಇದೇ. ನೂರು ರೂಪಾಯಿ ಸ್ಟಾಂಪು ಸಾಕಾಗಬೇಕಾದರೆ ವರ್ಷದ ಬಾಡಿಗೆ ಮತ್ತು ಮುಂಗಡ ಎರಡೂ ಸೇರಿ 20,000ದೊಳಗೆ ಇರಬೇಕು. ಕೃಷ್ಣಮೂರ್ತಿಪುರದಲ್ಲಿ ಆ ದರಕ್ಕೆ ಸ್ಕೂಟರ್ ನಿಲ್ಲಿಸಲು ಶೆಡ್ಡು ಸಿಕ್ಕರೆ ಅದೃಷ್ಟ.

ಕಡಿಮೆ ಹಾಕಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ, ಎಲ್ಲರೂ ಸ್ನೇಹದಿಂದ ಇರುವವರೆಗೆ. ಶಾಲೆಯವರು ಕೇಳುವುದಿಲ್ಲ, ಗ್ಯಾಸಿನವರು ಕೇಳುವುದಿಲ್ಲ. ಬಾಡಿಗೆದಾರ ಮನೆ ಬಿಟ್ಟ ಮೇಲೆ ಒಂದು ಲಕ್ಷ ಮುಂಗಡ ವಾಪಸ್ ಬರದೆ ಕೋರ್ಟಿಗೆ ಹೋದ ಎಂದುಕೊಳ್ಳಿ. ಮುಂಗಡ ಕೊಟ್ಟಿದ್ದಕ್ಕೆ ಅವನ ಕೈಯಲ್ಲಿರುವ ಆಧಾರ ಆ ಕರಾರೇ. ಸ್ಟಾಂಪ್ ಕಡಿಮೆಯಿರುವ ಕಾಗದವನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವಂತಿಲ್ಲ ಎನ್ನುತ್ತದೆ ಕಾಯ್ದೆಯ 34ನೇ ಕಲಮು. ತೆಗೆದುಕೊಳ್ಳಬೇಕಾದರೆ ಕಡಿಮೆಯಾದದ್ದನ್ನೂ ಅದರ ಹತ್ತರಷ್ಟು ದಂಡವನ್ನೂ ಕಟ್ಟಬೇಕು. ಕಡಿಮೆಯಾದದ್ದು 400, ದಂಡ 4,000. ಕಾಗದವನ್ನು ಕೋರ್ಟಿನ ಮುಂದಿಟ್ಟವನೇ 4,400 ಹೊಂದಿಸಬೇಕು. ತನ್ನದೇ ಮುಂಗಡವನ್ನು ಕೇಳಲು ಮತ್ತೊಂದು ಮುಂಗಡ.

ಇನ್ನು `Description of Document` ಎಂಬ ಉದ್ದನೆಯ ಪಟ್ಟಿ. ಇದನ್ನು ಕೆಳಗೆಳೆದರೆ `Affidavit`, `Agreement`, `Bond`, `Lease of Immovable Property` ಎಂದು ಬರುತ್ತಾ ಹೋಗುತ್ತದೆ. ಹಂತ 1ರ ಗೊಂದಲ ಕಚ್ಚುವುದು ಇಲ್ಲಿ. ‘ಲೀಸಲ್ಲ, ಬಾಡಿಗೆ’ ಎಂದುಕೊಂಡವರು `Agreement` ಒತ್ತುತ್ತಾರೆ. ಊರಿನ ಅರ್ಧದಷ್ಟು ಕರಾರು ಹೀಗೆ ‘ಇತರೆ ಒಪ್ಪಂದ’ದ ಬಾಬಿನಲ್ಲಿ ಹುಟ್ಟಿದಂತೆ ಕಾಣುತ್ತದೆ. ನೀವು `Article 30`, ಅಂದರೆ `Lease of Immovable Property` ಎಂಬುದನ್ನೇ ಆರಿಸಿ. `Consideration Price` ಎಂಬಲ್ಲಿ `0 (Zero)` ಎಂದು ಛಾಪಿಸಿರುವ ಸ್ಟಾಂಪುಗಳನ್ನು ನೋಡಿ ಓನರಮ್ಮ ‘ಸೊನ್ನೆಗೆ ಕೊಟ್ಟ ಹಾಗಾಯ್ತಲ್ಲಪ್ಪ’ ಎಂದರೆ ಸಮಾಧಾನ ಹೇಳಿ. ಅದು ಮಾರಾಟದ ಬೆಲೆಯ ಖಾನೆ, ಬಾಡಿಗೆಯ ಮೊತ್ತ ಕರಾರಿನ ಒಳಗಿರುತ್ತದೆ.

`Stamp Duty Paid By` ಎಂದರೆ ದುಡ್ಡು ಯಾರದು ಎಂಬ ಪ್ರಶ್ನೆ. ಬೇರೆ ಒಪ್ಪಂದ ಇಲ್ಲದಿದ್ದರೆ ಬಾಡಿಗೆದಾರನೇ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಓನರಮ್ಮನಿಗೆ ಈ ಕಲಮು ಓದದೆಯೂ ಗೊತ್ತು.

ಹಂತ 5: ತಾರೀಖು

ಜೂನ್ 1ರಿಂದ ಹನ್ನೊಂದು ತಿಂಗಳು ಎಂದರೆ 2025ರ ಏಪ್ರಿಲ್ 30ರವರೆಗೆ. ಎಷ್ಟೋ ಅರ್ಜಿಗಳಲ್ಲಿ `End Date` ಅನ್ನು ನೀವೇ ತುಂಬಬೇಕು. ಅಲ್ಲಿ ಇಸವಿ ಕೈತಪ್ಪಿ 2026 ಆದರೆ ಹನ್ನೊಂದು ತಿಂಗಳು ಇಪ್ಪತ್ತಮೂರಾಗುತ್ತದೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯ್ದೆಯ 17ನೇ ಕಲಮು ಹೇಳುತ್ತದೆ. ಸ್ಟಾಂಪೂ ಶೇಕಡಾ ಒಂದಕ್ಕೆ ಏರುತ್ತದೆ, 500ರ ಮಿತಿಯೂ ಹೋಗುತ್ತದೆ. ದೇಶವೆಲ್ಲ ಹನ್ನೊಂದು ತಿಂಗಳ ಮಂತ್ರ ಜಪಿಸುವುದು ಇದಕ್ಕಾಗಿ. ನೋಟರಿ ಮುದ್ರೆ ಹಾಕಿಸಿದರೆ ನೋಂದಣಿ ಆದಂತೆ ಎಂದು ಯಾರಾದರೂ ಹೇಳಿದರೆ ಅವರಿಗೆ ಕಾಫಿ ಕೊಡಬಹುದು, ನಂಬಬೇಕಿಲ್ಲ.

ಸ್ಟಾಂಪನ್ನು ಸಹಿಗೆ ಮೊದಲೇ, ತಡವೆಂದರೆ ಸಹಿಯ ಹೊತ್ತಿಗೆ, ಪಡೆದಿರಬೇಕು. ಇ-ಸ್ಟಾಂಪಿನ ಮೇಲೆ ತಾರೀಖಷ್ಟೇ ಅಲ್ಲ, ಗಂಟೆ ನಿಮಿಷವೂ ಬಿದ್ದಿರುತ್ತದೆ. ಜೂನ್ 10ಕ್ಕೆ ಸ್ಟಾಂಪ್ ತೆಗೆದು ಕೆಳಗೆ ‘ಜೂನ್ 1ರಂದು ಬರೆದುಕೊಟ್ಟ ಕರಾರು’ ಎಂದು ಛಾಪಿಸಿದರೆ ಮೇಲಿನ ಸಾಲೇ ಕೆಳಗಿನ ಸಾಲಿನ ಸುಳ್ಳನ್ನು ಹೇಳುತ್ತಿರುತ್ತದೆ. ತಡವಾಗಿದ್ದರೆ ಮುಚ್ಚಿಡಬೇಕಿಲ್ಲ. ‘ಜೂನ್ 10ರಂದು ಬರೆದದ್ದು, ಬಾಡಿಗೆ ಜೂನ್ 1ರಿಂದ ಜಾರಿ’ ಎಂದು ಬರೆದರೆ ಆಯಿತು.

ಹಂತ 6: ದುಡ್ಡು ಕಟ್ಟುವುದು

ನಮ್ಮ ಮಾದರಿಯಲ್ಲಿ ಇದು ಮೇ 31, ಶುಕ್ರವಾರ. ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಅರ್ಜಿ ತುಂಬಿ ಮುಗಿಯುವ ಹೊತ್ತಿಗೆ ಹತ್ತು ಮೂವತ್ತೈದಾಗಿರುತ್ತದೆ. ಓನರಮ್ಮ ‘ಹನ್ನೆರಡು ಆಗಲಿ’ ಎನ್ನುತ್ತಾರೆ. ಜಾಲತಾಣಕ್ಕೆ ಪಂಚಾಂಗ ಗೊತ್ತಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ `Session Expired` ಎಂದು ತುಂಬಿದ್ದನ್ನೆಲ್ಲ ನುಂಗಿ ಹಾಕುತ್ತದೆ. `Save as Draft` ಎಂಬ ಗುಂಡಿ ಇದ್ದರೆ ಒತ್ತಿ, ಆಮೇಲೆ ಅನ್ನ ಸಾರು ಮುಗಿಸಿ ಬನ್ನಿ.

ಕಟ್ಟುವ ಮೊದಲು `Preview` ನೋಡಿ. ಛಾಪಿಸಿದ ಇ-ಸ್ಟಾಂಪಿನಲ್ಲಿ ಅಕ್ಷರ ತಿದ್ದುವ ದಾರಿಯಿಲ್ಲ, ವೈಟ್ನರ್ ಹಚ್ಚಿದರೆ ಅದು ಕೆಟ್ಟಂತೆಯೇ. ಹೆಸರು ತಪ್ಪಿದರೆ ಹೊಸ ಸ್ಟಾಂಪೇ ಗತಿ. ಪಾರ್ಟಿಗಳ ಹೆಸರನ್ನು ಒಬ್ಬರು ಪರದೆಯಿಂದ ಅಕ್ಷರ ಅಕ್ಷರವಾಗಿ ಓದಿ, ಇನ್ನೊಬ್ಬರು ಆಧಾರ್ ಹಿಡಿದು ಹೂಂಗುಟ್ಟುವುದು ಅತ್ಯುತ್ತಮ ತಂತ್ರಜ್ಞಾನ.

ಯುಪಿಐನಲ್ಲಿ ದುಡ್ಡು ಹೋಗಿ, ಜಾಲತಾಣ ‘ಬಂದಿಲ್ಲ’ ಎಂದರೆ ಎರಡನೇ ಸಲ ಒತ್ತಬೇಡಿ. ವಹಿವಾಟಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ವ್ಯಾಪಾರಿಗೆ ತಲುಪದ ಯುಪಿಐ ಹಣ ಐದು ದಿನದೊಳಗೆ ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ. ಬಾಡಿಗೆದಾರ ಈ ಮಾತನ್ನು ಓನರಮ್ಮನೆದುರು ಜೋರಾಗಿ ಹೇಳದಿರುವುದು ಒಳ್ಳೆಯದು. ಬಾಡಿಗೆ ತಡವಾದಾಗ ಅವರು ಇದನ್ನೇ ತಿರುಗಿಸಿ ಹೇಳಬಹುದು.

ಹಂತ 7: ಸಾಕ್ಷಿಗಳು

ಬಾಡಿಗೆ ಕರಾರಿಗೆ ಸಾಕ್ಷಿ ಇರಲೇಬೇಕೆಂದು ಕಾನೂನು ಹೇಳುವುದಿಲ್ಲ. ದಾನಪತ್ರಕ್ಕೆ ಇಬ್ಬರು ಬೇಕು, ಅಡಮಾನ ಪತ್ರಕ್ಕೆ ಬೇಕು. ಇಲ್ಲಿ ರೂಢಿಯಿಂದ ಬಂದಿದೆ, ಮತ್ತು ಒಳ್ಳೆಯ ರೂಢಿ. ಮುಂದೆ ಯಾರಾದರೂ ‘ಇದು ನನ್ನ ಸಹಿಯಲ್ಲ’ ಎಂದರೆ, ಹಾಕಿದ್ದನ್ನು ಕಂಡವರು ಒಬ್ಬರಾದರೂ ಇರಲಿ ಎಂದು. ಕಂಡವರು ಎಂಬುದೇ ಮುಖ್ಯ. ಸಾಕ್ಷಿಗೆ ಕರಾರಿನ ಒಳಗೇನಿದೆ ಎಂದು ಗೊತ್ತಿರಬೇಕಿಲ್ಲ, ಬಾಡಿಗೆ ಎಷ್ಟೆಂದು ತಿಳಿಯಬೇಕಿಲ್ಲ. ಪಾರ್ಟಿಗಳು ತನ್ನ ಕಣ್ಣೆದುರು ಸಹಿ ಹಾಕಿದ್ದನ್ನು ನೋಡಿ, ಆಮೇಲೆ ತಾನು ಹಾಕಬೇಕು.

ಆನ್‌ಲೈನ್ ಅರ್ಜಿ ಇದನ್ನು ತಲೆಕೆಳಗು ಮಾಡುತ್ತದೆ. `Witness 1`, `Witness 2` ಎಂದು ಹೆಸರು, ವಿಳಾಸ, ಕೆಲವೊಮ್ಮೆ ಆಧಾರನ್ನೂ ಮೊದಲೇ ಕೇಳುತ್ತದೆ. ಸಹಿ ಆಗಲು ಇನ್ನೂ ಎರಡು ದಿನವಿರುತ್ತದೆ. ಜನ ಬಾಯಿಗೆ ಬಂದ ಹೆಸರು ತುಂಬುತ್ತಾರೆ: ಬೆಂಗಳೂರಿನ ಬಾವಮೈದ, ಮಂಡ್ಯದ ಸೋದರಮಾವ. ಕರಾರು ಛಾಪಿಸಿ ಬಂದ ದಿನ ಇಬ್ಬರೂ ಊರಲ್ಲಿರುವುದಿಲ್ಲ. ಸಂಜೆ ಹೊತ್ತಿಗೆ ಅವರ ಹೆಸರಿನ ಮುಂದೆ ಯಾರದ್ದೋ ಸಹಿ ಬಿದ್ದಿರುತ್ತದೆ. ಇದು ಸಾಕ್ಷಿ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಆದ್ದರಿಂದ ಸಹಿ ಹಾಕುವ ದಿನ, ಆ ಹೊತ್ತಿಗೆ ಆ ಕ್ರಾಸಿನಲ್ಲೇ ಇರುವುದು ಖಚಿತವಿರುವವರನ್ನು ಆರಿಸಿ. ಎದುರು ಮನೆಯ ನಿವೃತ್ತ ಮೇಷ್ಟ್ರು ಶ್ರೇಷ್ಠ. ಅವರು ಎಲ್ಲೂ ಹೋಗುವುದಿಲ್ಲ, ಕನ್ನಡಕ ಅವರ ಬಳಿಯೇ ಇರುತ್ತದೆ, ಕರಾರಿನ ಕಾಗುಣಿತವನ್ನೂ ತಿದ್ದುತ್ತಾರೆ. ಎರಡನೆಯವರು ಬಾಡಿಗೆದಾರನ ಕಡೆಯವರಿರಲಿ, ಸಾಮಾನು ಸಾಗಿಸಲು ಬಂದ ಸಹೋದ್ಯೋಗಿಯಾದರೂ ಸರಿ. ಬಾಡಿಗೆದಾರನ ಜೊತೆ ಹೆಂಡತಿಯೂ ಪಾರ್ಟಿಯಾಗಿ ಸಹಿ ಹಾಕುತ್ತಿದ್ದರೆ ಆಕೆ ಸಾಕ್ಷಿಯಾಗುವಂತಿಲ್ಲ. ಆಧಾರ್ ಕೇಳುವ ಅರ್ಜಿಗೆ ಮೇಷ್ಟ್ರು ಒಪ್ಪದಿದ್ದರೆ ಬಲವಂತ ಬೇಡ. ಖಾನೆ ಐಚ್ಛಿಕವಾಗಿದ್ದರೆ ಬಿಟ್ಟುಬಿಡಿ, ಕಾಗದದ ಮೇಲೆ ಹೆಸರು, ವಿಳಾಸ, ಸಹಿ ಸಾಕು.

ಹಂತ 8: ಛಾಪಿಸಿ ಬಂದದ್ದನ್ನು ಓದುವುದು

ಯಾರೂ ಓದುವುದಿಲ್ಲ. ಆದರೂ ಮೂರು ಕಡೆ ಬೆರಳಿಡಿ. ತಕರಾರು ಬಂದರೆ ಯಾವ ಊರಿನ ಕೋರ್ಟು ಎಂಬ ಸಾಲು. ಜಾಲತಾಣದ ಅಚ್ಚಿನಲ್ಲಿ ಅದು ಬೆಂಗಳೂರು ಎಂದೇ ಇರುತ್ತದೆ, ಮೈಸೂರು ಮಾಡಿಸಿ. ಮುಂಗಡದಲ್ಲಿ ಸುಣ್ಣ ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ ಎಂಬ ಸಾಲು, ‘ಒಂದು ತಿಂಗಳ ಬಾಡಿಗೆ’ ಎಂದು ಮಾತಾಗಿದ್ದರೆ ‘ವಾಸ್ತವಿಕ ವೆಚ್ಚ’ ಎಂದು ಛಾಪಿಸಿರಬಾರದು. ಮೂರನೆಯದು, ಎರಡನೇ ಪುಟದಿಂದ ಮುಂದೆ ಸ್ಟಾಂಪಿನ ನಂಬರು ಇದೆಯೇ ಎಂದು. ಇಲ್ಲದಿದ್ದರೆ ಪೆನ್ನಿನಲ್ಲಿ ಬರೆದು ಎರಡೂ ಕಡೆಯವರು ಪುಟಪುಟಕ್ಕೂ ಸಹಿ ಹಾಕಿ.

ಆಮೇಲೆ `www.shcilestamp.com`ಗೆ ಹೋಗಿ, ರಾಜ್ಯ, ಸ್ಟಾಂಪಿನ ನಂಬರು, ತಾರೀಖು ಕೊಟ್ಟು ತಾಳೆ ನೋಡಿ. ಸ್ಟಾಂಪಿನ ಅಡಿಯಲ್ಲಿ ಸಣ್ಣಕ್ಷರದಲ್ಲಿ ಇದನ್ನೇ ಹೇಳಿರುತ್ತದೆ: ಅಸಲಿಯೋ ಎಂದು ನೋಡಿಕೊಳ್ಳುವ ಹೊಣೆ ಬಳಸುವವರದ್ದು. ಪರದೆಯ ಮೇಲಿನ ವಿವರಕ್ಕೂ ಕಾಗದಕ್ಕೂ ವ್ಯತ್ಯಾಸವಿದ್ದರೆ ಸ್ಟಾಂಪು ಅಸಿಂಧು. ಅಸಲು ಪ್ರತಿ ಯಾರ ಬಳಿ ಎಂಬುದಕ್ಕೆ ಈ ಕೈಪಿಡಿ ತಲೆಹಾಕುವುದಿಲ್ಲ, ಅದು ಓನರಮ್ಮನ ಬೀರುವಿಗೇ ಹೋಗುತ್ತದೆ. ಬಾಡಿಗೆದಾರ ಬಣ್ಣದ ಜೆರಾಕ್ಸಿನ ಮೇಲೆ ಓನರಮ್ಮನ ಹೊಸ ಸಹಿ ಹಾಕಿಸಿಕೊಳ್ಳಲಿ.

ನವೀಕರಣ

ಕರಾರು ಮುಗಿಯುವ 2025ರ ಏಪ್ರಿಲ್ 30 ಬುಧವಾರ. ಅವತ್ತು ಬಸವ ಜಯಂತಿ, ಕಚೇರಿಗಳಿಗೆ ರಜೆ. ಮಾರನೆಯ ದಿನ ಕಾರ್ಮಿಕ ದಿನ, ಅದಕ್ಕೂ ರಜೆ. ಬುಧವಾರವೇ ಅಕ್ಷಯ ತೃತೀಯವೂ ಆದ್ದರಿಂದ, ಬಾಡಿಗೆಯನ್ನು ಶೇಕಡಾ ಐದರಷ್ಟು ಏರಿಸಿ 14,700 ಎಂದು ಹೇಳಲು ಓನರಮ್ಮನಿಗೆ ಅದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ. ಹಳೇ ಸ್ಟಾಂಪಿನ ಹಿಂಬದಿಗೆ ‘ಇನ್ನೂ ಹನ್ನೊಂದು ತಿಂಗಳಿಗೆ ಮುಂದುವರಿಸಲಾಗಿದೆ’ ಎಂದು ಬರೆದುಕೊಳ್ಳುವವರಿದ್ದಾರೆ. ಅದು ನಡೆಯುವುದಿಲ್ಲ, ಹೊಸ ಅವಧಿಗೆ ಹೊಸ ಸ್ಟಾಂಪು ಬೇಕು. ಆದ್ದರಿಂದ ಏಪ್ರಿಲ್ 28, ಸೋಮವಾರ, ಬೆಳಿಗ್ಗೆ ಒಂಬತ್ತು ದಾಟಿದ ಮೇಲೆ ಹಂತ 1ರಿಂದ ಶುರುಮಾಡಿ. ಅವತ್ತು ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ.